ಸರ್ಜ್ ಟ್ಯಾಂಕಿನ ಲೆವೆಲ್ ಅಲುಗಾಡಲಿ ಬಿಡಿ: ಹೊರಹರಿವನ್ನು ಹದವಾಗಿಡುವ ಟ್ಯೂನಿಂಗ್

ಕಂಟ್ರೋಲ್ ರೂಮಿನಲ್ಲಿ ಯಾವುದಾದರೂ ಲೆವೆಲ್ ಟ್ರೆಂಡ್ 50ರ ಮೇಲೆ ದಾರ ಎಳೆದಂತೆ ನಿಂತಿದ್ದರೆ ಎಲ್ಲರಿಗೂ ಖುಷಿ. ಆ ಟ್ಯಾಂಕ್ ಬಾಯ್ಲರ್ ಡ್ರಮ್ ಆಗಿದ್ದರೆ ಖುಷಿಪಡುವುದು ಸರಿಯೇ. ಆದರೆ ಎರಡು ಘಟಕಗಳ ನಡುವೆ ಕೂರಿಸಿದ ಸರ್ಜ್ ಟ್ಯಾಂಕ್ ಆಗಿದ್ದರೆ, ಅದೇ ಟ್ರೆಂಡ್ ಬೇರೆ ಕಥೆ ಹೇಳುತ್ತದೆ. ಲೆವೆಲ್ ಅಲುಗಾಡುತ್ತಿಲ್ಲ ಅಂದರೆ ಒಳಗೆ ಬಂದಷ್ಟೇ ಆ ಕ್ಷಣಕ್ಕೇ ಹೊರಗೆ ಹೋಗುತ್ತಿದೆ ಎಂದರ್ಥ. ಹಾಗಾದರೆ ಟ್ಯಾಂಕ್ ಇದ್ದೂ ಇಲ್ಲದಂತೆಯೇ ಅಲ್ವಾ? ದುಡ್ಡು ಸುರಿದು ಕಟ್ಟಿದ ಜಾಗ ಸುಮ್ನೆ ತುಂಬಿಕೊಂಡು ಕೂತಿದೆ.

ಕೆರೆಯನ್ನೇ ನೋಡಿ. ಮಳೆಗೆ ನೀರು ಏರುತ್ತದೆ, ಬೇಸಿಗೆಗೆ ಇಳಿಯುತ್ತದೆ. ತೂಬಿನಿಂದ ಗದ್ದೆಗೆ ಹೋಗುವ ನೀರು ಮಾತ್ರ ಹದವಾಗಿರಬೇಕು. ಕೆರೆಯ ಮಟ್ಟ ಯಾಕೆ ಬದಲಾಯಿತು ಎಂದು ಯಾರೂ ನೀರಗಂಟಿಯನ್ನು ಬಯ್ಯುವುದಿಲ್ಲ. ಸರ್ಜ್ ಟ್ಯಾಂಕಿನ ಕಂಟ್ರೋಲರಿಗೂ ಇದೇ ಕೆಲಸ ಕೊಡಬೇಕು. ಇದಕ್ಕೆ ಆವರೇಜಿಂಗ್ ಲೆವೆಲ್ ಕಂಟ್ರೋಲ್ ಎನ್ನುತ್ತಾರೆ. ಟ್ಯಾಂಕ್ ತುಂಬಿ ಹರಿಯಬಾರದು, ಬರಿದಾಗಿ ಪಂಪ್ ಒಣಗಬಾರದು. ಈ ಎರಡು ಗಡಿಗಳ ನಡುವೆ ಲೆವೆಲ್ ಎಲ್ಲಿ ಬೇಕಾದರೂ ಓಡಾಡಲಿ, ಹೊರಹರಿವು ಮಾತ್ರ ನಿಧಾನವಾಗಿ ಬದಲಾಗಲಿ.

ಇದನ್ನು ಮಾಡುವ ಬಗೆಯನ್ನು ಒಂದೇ ಉದಾಹರಣೆ ಹಿಡಿದು ಕೊನೆಯವರೆಗೆ ನೋಡೋಣ.

ನಮ್ಮ ಉದಾಹರಣೆ

ಒಂದು ಸಾಲ್ವೆಂಟ್ ಘಟಕ ಎಂದುಕೊಳ್ಳಿ. ನಾಲ್ಕು ರಿಯಾಕ್ಟರ್‌ಗಳು ಬಿಡುವಿಲ್ಲದೆ ನಡೆಯುತ್ತಿವೆ. ಒಂದೊಂದರಿಂದ ಗಂಟೆಗೆ 5 ಘನ ಮೀಟರ್, ಒಟ್ಟು 20 ಘನ ಮೀಟರ್ ದ್ರವ ಒಂದು ಟ್ಯಾಂಕಿಗೆ ಬರುತ್ತದೆ. ಅಲ್ಲಿಂದ ಪಂಪ್ ಅದನ್ನು ಡಿಸ್ಟಿಲೇಶನ್ ಕಾಲಮ್‌ಗೆ ಕಳಿಸುತ್ತದೆ. ಲೆವೆಲ್ ಕಂಟ್ರೋಲರ್ ನೇರವಾಗಿ ವಾಲ್ವ್ ಹಿಡಿದಿಲ್ಲ. ಅದು ಫ್ಲೋ ಕಂಟ್ರೋಲರಿಗೆ ಸೆಟ್‌ಪಾಯಿಂಟ್ ಕೊಡುತ್ತದೆ, ಫ್ಲೋ ಕಂಟ್ರೋಲರ್ ವಾಲ್ವ್ ತಿರುಗಿಸುತ್ತದೆ. ಫ್ಲೋ ಮೀಟರಿನ ರೇಂಜ್ ಗಂಟೆಗೆ 0ಯಿಂದ 30 ಘನ ಮೀಟರ್.

ಯಾವುದೋ ಕಾರಣಕ್ಕೆ ಒಂದು ರಿಯಾಕ್ಟರ್ ನಿಂತಿತು. ಒಳಹರಿವು ಒಮ್ಮೆಲೇ 20ರಿಂದ 15ಕ್ಕೆ ಬಿತ್ತು. ಲೆವೆಲ್ ಕಂಟ್ರೋಲರ್ ಬಿಗಿಯಾಗಿದ್ದರೆ ಕೆಲವೇ ನಿಮಿಷಗಳಲ್ಲಿ ಕಾಲಮ್‌ಗೆ ಹೋಗುವ ಫೀಡ್ ಕೂಡ 15ಕ್ಕೆ ಬೀಳುತ್ತದೆ. ಆದರೆ ರೀಬಾಯ್ಲರಿನ ಸ್ಟೀಮ್ ಇನ್ನೂ 20ರ ಲೆಕ್ಕದಲ್ಲೇ ಹೋಗುತ್ತಿರುತ್ತದೆ. ಟ್ರೇ ಟೆಂಪರೇಚರ್ ಏರುತ್ತದೆ, ಭಾರವಾದ ಅಂಶ ಮೇಲಕ್ಕೆ ಹತ್ತುತ್ತದೆ, ಮೇಲಿನ ಪ್ರಾಡಕ್ಟ್ ಕೆಡುತ್ತದೆ. ಟೆಂಪರೇಚರ್ ಕಂಟ್ರೋಲರ್ ಗಾಬರಿಬಿದ್ದು ಸ್ಟೀಮ್ ಕಡಿಮೆ ಮಾಡುತ್ತದೆ, ಆಗ ಕೆಳಗಿನ ಪ್ರಾಡಕ್ಟ್ ಕೆಡುತ್ತದೆ. ಎಲ್ಲ ಮತ್ತೆ ಹಳಿಗೆ ಬರುವುದಕ್ಕೆ ಗಂಟೆಗಳೇ ಬೇಕು. ಅಷ್ಟು ಹೊತ್ತೂ ಟ್ಯಾಂಕಿನಲ್ಲಿ ಅರ್ಧದಷ್ಟು ದ್ರವ ಬಳಕೆಗೆ ಸಿದ್ಧವಾಗಿಯೇ ಇತ್ತು, ಮುಟ್ಟಿದವರಿಲ್ಲ.

ಮೊದಲ ಹೆಜ್ಜೆ: ಟ್ಯಾಂಕಿನ ನಿಜವಾದ ಅಳತೆ ಹಿಡಿಯಿರಿ

ನಮಗೆ ಬೇಕಾದ ಅಳತೆ ಟ್ಯಾಂಕಿನ ಪೂರ್ತಿ ಗಾತ್ರವಲ್ಲ. ಲೆವೆಲ್ ಟ್ರಾನ್ಸ್‌ಮಿಟರ್ 0 ತೋರಿಸುವ ಜಾಗದಿಂದ 100 ತೋರಿಸುವ ಜಾಗದವರೆಗೆ ಹಿಡಿಯುವ ಗಾತ್ರ ಬೇಕು. ನೇಮ್‌ಪ್ಲೇಟಿನಲ್ಲಿ 25 ಎಂದಿದ್ದರೂ ನೋಜಲ್‌ಗಳ ನಡುವೆ 18 ಘನ ಮೀಟರ್ ಮಾತ್ರ ಇರಬಹುದು. ನಮ್ಮ ಟ್ಯಾಂಕ್ ಹಾಗೇ ಇದೆ ಎಂದುಕೊಳ್ಳೋಣ.

ಈ 18ನ್ನು ಫ್ಲೋ ಮೀಟರಿನ ಪೂರ್ತಿ ರೇಂಜಾದ 30ರಿಂದ ಭಾಗಿಸಿ. 0.6 ಗಂಟೆ, ಅಂದರೆ 36 ನಿಮಿಷ ಬರುತ್ತದೆ. ಒಳಹರಿವೇ ಇಲ್ಲದೆ ಹೊರಗೆ ಪೂರ್ತಿ ರಭಸದಲ್ಲಿ ಎಳೆದರೆ ಲೆವೆಲ್ 100ರಿಂದ 0ಗೆ ಇಳಿಯಲು ಬೇಕಾದ ಸಮಯ ಇದು. ಮುಂದಿನ ಲೆಕ್ಕವೆಲ್ಲ ಈ 36ರ ಮೇಲೆ ನಿಂತಿದೆ. ಹಾಗಾಗಿ ಡ್ರಾಯಿಂಗ್ ನಂಬಿ ಕೂರಬೇಡಿ, ಒಮ್ಮೆ ಪರೀಕ್ಷೆ ಮಾಡಿ.

ಪರೀಕ್ಷೆ ಸುಲಭ. ಒಳಹರಿವು ಸ್ಥಿರವಾಗಿದ್ದು ಲೆವೆಲ್ 50ರ ಆಸುಪಾಸಿನಲ್ಲಿ ನಿಂತಿರುವಾಗ ಲೆವೆಲ್ ಕಂಟ್ರೋಲರನ್ನು ಮ್ಯಾನ್ಯುಯಲ್‌ಗೆ ಹಾಕಿ. ಫ್ಲೋ ಸೆಟ್‌ಪಾಯಿಂಟನ್ನು ಗಂಟೆಗೆ 2 ಘನ ಮೀಟರ್‌ನಷ್ಟು ಏರಿಸಿ. ಲೆಕ್ಕದ ಪ್ರಕಾರ ಲೆವೆಲ್ ಗಂಟೆಗೆ ಶೇ. 11ರಷ್ಟು ಇಳಿಯಬೇಕು, ಅಂದರೆ 20 ನಿಮಿಷಕ್ಕೆ ಸುಮಾರು ಶೇ. 3.7. ಟ್ರೆಂಡಿನಲ್ಲಿ ನೇರವಾದ ಇಳಿಜಾರು ಕಾಣುತ್ತದೆ. 3.7ರ ಬದಲು 6 ಇಳಿದರೆ ಎಲ್ಲೋ ಅಳತೆ ತಪ್ಪಿದೆ. ಒಂದೋ ಟ್ರಾನ್ಸ್‌ಮಿಟರಿನ ರೇಂಜ್ ಡ್ರಾಯಿಂಗಿನಲ್ಲಿ ಇರುವಂತೆ ಇಲ್ಲ, ಇಲ್ಲವೇ ಫ್ಲೋ ಮೀಟರ್ ಸುಳ್ಳು ಹೇಳುತ್ತಿದೆ. ಡಿಫರೆನ್ಷಿಯಲ್ ಪ್ರೆಶರ್ ಮಾದರಿಯ ಲೆವೆಲ್ ಟ್ರಾನ್ಸ್‌ಮಿಟರ್ ಆಗಿದ್ದರೆ ದ್ರವದ ಸಾಂದ್ರತೆ ಬದಲಾಗಿರಲೂಬಹುದು.

ಮಲಗಿಸಿದ ಸಿಲಿಂಡರ್ ಟ್ಯಾಂಕ್ ಇರುವವರಿಗೆ ಒಂದು ಮಾತು. ಅದರ ನಡುಭಾಗ ಅಗಲ, ಮೇಲೆ ಕೆಳಗೆ ಕಿರಿದು. ಶೇ. 20ರ ಕೆಳಗೆ ಲೆವೆಲ್ ನೀವು ಅಂದುಕೊಂಡದ್ದಕ್ಕಿಂತ ಬೇಗ ಕುಸಿಯುತ್ತದೆ. ಅಲ್ಲಿ ಗಡಿಗಳನ್ನು ಸ್ವಲ್ಪ ಒಳಕ್ಕೆ ಇಟ್ಟುಕೊಳ್ಳಿ.

ಎರಡನೇ ಹೆಜ್ಜೆ: ಎಷ್ಟು ದೊಡ್ಡ ಪೆಟ್ಟು, ಎಷ್ಟು ಜಾಗ

ಈಗ ಎರಡು ತೀರ್ಮಾನ ಮಾಡಬೇಕು. ಎರಡೂ ನಿಮ್ಮ ಘಟಕವನ್ನು ಬಲ್ಲವರು ಮಾಡಬೇಕಾದವು, ಸೂತ್ರ ಹೇಳಿಕೊಡುವುದಿಲ್ಲ.

ಮೊದಲನೆಯದು, ಒಳಹರಿವಿನಲ್ಲಿ ಆಗಾಗ ಬರುವ ದೊಡ್ಡ ಬದಲಾವಣೆ ಎಷ್ಟು? ನಮ್ಮಲ್ಲಿ ಒಂದು ರಿಯಾಕ್ಟರ್ ನಿಲ್ಲುವುದು ಅಥವಾ ಮತ್ತೆ ಶುರುವಾಗುವುದು, ಅಂದರೆ 5 ಘನ ಮೀಟರ್. 30ರ ರೇಂಜಿನಲ್ಲಿ ಅದು ಶೇ. 16.7. ವರ್ಷಕ್ಕೊಮ್ಮೆ ಬರುವ ಕರೆಂಟ್ ಟ್ರಿಪ್ ಅನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅದಕ್ಕೆ ಬೇರೆ ಕಾವಲು ಇಡೋಣ.

ಎರಡನೆಯದು, ಆ ಪೆಟ್ಟಿಗೆ ಲೆವೆಲ್ ಎಷ್ಟು ದೂರ ಹೋದರೆ ಪರವಾಗಿಲ್ಲ? ನಮ್ಮ ಪಂಪ್ ಶೇ. 10ಕ್ಕೆ ಟ್ರಿಪ್ ಆಗುತ್ತದೆ, ಮೇಲೆ 90 ದಾಟಿದರೆ ಓವರ್‌ಫ್ಲೋ ಭಯ. ಸೆಟ್‌ಪಾಯಿಂಟ್ 50. ಎರಡೂ ಕಡೆ 25ರಷ್ಟು ಓಡಾಡಲು ಬಿಟ್ಟರೆ ಲೆವೆಲ್ 25ರಿಂದ 75ರ ನಡುವೆ ಇರುತ್ತದೆ, ಆಚೆಗೆ ಇನ್ನೂ ಜಾಗ ಉಳಿಯುತ್ತದೆ. ಇಲ್ಲಿ ಜಿಪುಣತನ ಬೇಡ. ಶೇ. 5 ಮಾತ್ರ ಬಿಡುತ್ತೇನೆ ಎಂದರೆ ಈ ಲೇಖನವನ್ನೇ ಓದಬೇಕಿಲ್ಲ.

ಮೂರನೇ ಹೆಜ್ಜೆ: ಗೇನ್ ಮತ್ತು ರೀಸೆಟ್ ಟೈಮ್

ಪಿಐ ಕಂಟ್ರೋಲರಿಗೆ ಲೆಕ್ಕ ಇಷ್ಟೇ:

```
T  = V / Fmax
Kc = 0.74 × ΔF / Δh
Ti = 4 × T / Kc
```

ಇಲ್ಲಿ `V` ಟ್ಯಾಂಕಿನ 18, `Fmax` ಫ್ಲೋ ಮೀಟರಿನ 30, `Kc` ಗೇನ್, `Ti` ರೀಸೆಟ್ ಟೈಮ್. `ΔF` ಒಳಹರಿವಿನ ಪೆಟ್ಟು, `Δh` ಲೆವೆಲ್‌ಗೆ ಓಡಾಡಲು ಬಿಟ್ಟ ಜಾಗ, ಎರಡೂ ಶೇಕಡಾ ಲೆಕ್ಕದಲ್ಲಿ. ನಮ್ಮ ಅಂಕಿಗಳನ್ನು ಹಾಕಿ: 0.74ನ್ನು 16.7ರಿಂದ ಗುಣಿಸಿ 25ರಿಂದ ಭಾಗಿಸಿದರೆ ಗೇನ್ 0.49. ಅದನ್ನು 0.5 ಎಂದಿಟ್ಟುಕೊಳ್ಳಿ. ರೀಸೆಟ್ ಟೈಮ್ 4 × 36 / 0.5, ಅಂದರೆ 288 ನಿಮಿಷ.

288 ನಿಮಿಷವೇ? ಫ್ಲೋ ಲೂಪಿಗೆ ಸೆಕೆಂಡುಗಳಲ್ಲಿ ರೀಸೆಟ್ ಹಾಕಿ ಅಭ್ಯಾಸವಾದವರಿಗೆ ಇದು ಅಚ್ಚುತಪ್ಪಿನಂತೆ ಕಾಣುತ್ತದೆ. ತಪ್ಪಲ್ಲ. ಸುಮಾರು ಐದು ಗಂಟೆಯ ರೀಸೆಟ್ ಈ ಟ್ಯಾಂಕಿಗೆ ಸರಿಯಾದ ಉತ್ತರ.

ಈ ಸೂತ್ರ ಎಲ್ಲಿಂದ ಬಂತು ಎಂದು ಚುಟುಕಾಗಿ ಹೇಳಿಬಿಡುತ್ತೇನೆ. ಗೇನ್ ಮತ್ತು ರೀಸೆಟ್ ಟೈಮಿನ ಗುಣಲಬ್ಧ 4T ಆಗಿದ್ದಾಗ ಲೂಪ್ ತೂಗಾಡದೆ ಮರಳುತ್ತದೆ, ಅದಕ್ಕೆ ಕ್ರಿಟಿಕಲ್ ಡ್ಯಾಂಪಿಂಗ್ ಎನ್ನುತ್ತೇವೆ. ಆ ಸ್ಥಿತಿಯಲ್ಲಿ ಒಳಹರಿವು ಒಮ್ಮೆಲೇ ಬದಲಾದರೆ ಲೆವೆಲ್ ಎಷ್ಟು ದೂರ ಹೋಗುತ್ತದೆ ಎಂದು ಲೆಕ್ಕ ಹಾಕಿದರೆ 2/e, ಅಂದರೆ 0.736 ಎಂಬ ಅಂಕಿ ಹೊರಬೀಳುತ್ತದೆ. ಮೇಲಿನ 0.74 ಅದೇ.

ಈಗ ರಿಯಾಕ್ಟರ್ ನಿಂತರೆ ಏನಾಗುತ್ತದೆ? ಹೊರಹರಿವು ಮೊದಲಿಗೆ ನಿಮಿಷಕ್ಕೆ 0.07 ಘನ ಮೀಟರ್/ಗಂಟೆಯಂತೆ ಇಳಿಯಲು ಶುರುಮಾಡುತ್ತದೆ. ಇಳಿಕೆಯ ಅತಿ ಹೆಚ್ಚಿನ ವೇಗ ಅದೇ, ಆಮೇಲೆ ಇನ್ನೂ ನಿಧಾನ. ಸುಮಾರು 2 ಗಂಟೆ 24 ನಿಮಿಷಕ್ಕೆ ಲೆವೆಲ್ 25.5ರ ಹತ್ತಿರ ತಳ ಮುಟ್ಟುತ್ತದೆ, ಆಗ ಹೊರಹರಿವು ಸರಿಯಾಗಿ 15. ನಂತರ ಲೆವೆಲ್ ಮೇಲೇಳಬೇಕು. ಮೇಲೇಳಬೇಕೆಂದರೆ ಹೊರಹರಿವು ಒಳಹರಿವಿಗಿಂತ ಕಡಿಮೆ ಇರಲೇಬೇಕು, ಅದಕ್ಕೆ ಬೇರೆ ದಾರಿಯೇ ಇಲ್ಲ. ಹಾಗಾಗಿ ಹೊರಹರಿವು 14.3ರವರೆಗೆ ಇಳಿದು, ಆಮೇಲೆ ಮೆಲ್ಲಗೆ 15ಕ್ಕೆ ಬರುತ್ತದೆ. ಈ 0.7ರ ಹೆಚ್ಚುವರಿ ಇಳಿತ ನೋಡಿ ಟ್ಯೂನಿಂಗ್ ಕೆಟ್ಟಿದೆ ಎಂದು ತಿದ್ದಲು ಹೋಗಬೇಡಿ.

ಕಾಲಮ್‌ಗೆ ಇದು ಏನೂ ಅಲ್ಲ. ಗಂಟೆಗೆ 4 ಘನ ಮೀಟರಿನ ವೇಗದಲ್ಲಿ ಇಳಿಯುವ ಫೀಡನ್ನು ಸ್ಟೀಮ್ ಕಂಟ್ರೋಲರ್ ಆರಾಮಾಗಿ ಹಿಂಬಾಲಿಸುತ್ತದೆ.

ನಂಬಿಕೆ ಬರದಿದ್ದರೆ ಮನೆಯ ಕಂಪ್ಯೂಟರಿನಲ್ಲೇ ಓಡಿಸಿ ನೋಡಬಹುದು. ಸಮಯ ನಿಮಿಷಗಳಲ್ಲಿ:

```python
V, Fmax = 18.0, 30.0
Kc, Ti, dt = 0.5, 288.0, 1.0
h, I = 50.0, 66.67
for t in range(721):
    Fin = 20.0 if t < 10 else 15.0
    e = h - 50.0
    I += Kc * e * dt / Ti
    op = min(100.0, max(0.0, I + Kc * e))
    Fout = Fmax * op / 100
    h += (Fin - Fout) / 60 * dt / V * 100
    if t % 30 == 0:
        print(t, round(h, 1), round(Fout, 2))
```

ಇದರಲ್ಲಿ `Ti` ಜಾಗದಲ್ಲಿ 2 ಎಂದು ಹಾಕಿ ಮತ್ತೊಮ್ಮೆ ಓಡಿಸಿ. ಮುಂದಿನ ಭಾಗದ ವಿಷಯವೇ ಅದು.

ಎಲ್ಲರೂ ಬೀಳುವ ಹಳ್ಳ: ಗೇನ್ ಕಡಿಮೆ ಮಾಡಿದರೆ ತೂಗಾಟ ಜಾಸ್ತಿ

ಬಹಳ ಘಟಕಗಳಲ್ಲಿ ಲೆವೆಲ್ ಲೂಪ್ ತೆರೆದು ನೋಡಿದರೆ ಗೇನ್ 1, ರೀಸೆಟ್ 2 ನಿಮಿಷ ಎಂಬಂಥ ಅಂಕಿಗಳು ಸಿಗುತ್ತವೆ. ಕಮಿಷನಿಂಗ್ ಹೊತ್ತಿನಲ್ಲಿ ಎಲ್ಲ ಲೂಪಿಗೂ ಒಂದೇ ಅಂಕಿ ತುಂಬಿ ಹೋದದ್ದು, ಆಮೇಲೆ ಯಾರೂ ಮುಟ್ಟಿರುವುದಿಲ್ಲ. ನಮ್ಮ ಟ್ಯಾಂಕಿಗೆ ಅವೇ ಅಂಕಿ ಇದ್ದರೆ ಗುಣಲಬ್ಧ 2 ಆಯಿತು. ಬೇಕಾದದ್ದು 144. ಲೂಪ್ ತೂಗಾಡದೆ ಇನ್ನೇನು ಮಾಡೀತು? ಲೆವೆಲ್ ಮತ್ತು ಫ್ಲೋ ಎರಡೂ ಸುಮಾರು 53 ನಿಮಿಷಕ್ಕೊಮ್ಮೆ ಅಲೆಯಂತೆ ಏರಿಳಿಯುತ್ತವೆ.

ಅದನ್ನು ನೋಡಿದ ಯಾರಾದರೂ ಮೊದಲು ಮಾಡುವ ಕೆಲಸ ಗೇನ್ ಇಳಿಸುವುದು. ಬೇರೆ ಬಹುತೇಕ ಲೂಪ್‌ಗಳಲ್ಲಿ ಅದೇ ಸರಿ. ಇಲ್ಲಿ ಗೇನ್ 0.5 ಮಾಡಿದರೆ ಗುಣಲಬ್ಧ 1ಕ್ಕೆ ಇಳಿಯುತ್ತದೆ. ಅಲೆ 75 ನಿಮಿಷಕ್ಕೆ ಉದ್ದವಾಗುತ್ತದೆ, ಎತ್ತರವೂ ಹೆಚ್ಚುತ್ತದೆ, ಅಡಗಲು ಇನ್ನೂ ಹೊತ್ತು ಹಿಡಿಯುತ್ತದೆ. ಮತ್ತೆ ಇಳಿಸಿದರೆ ಮತ್ತೂ ಕೆಡುತ್ತದೆ. ಕೊನೆಗೆ "ಈ ಲೂಪ್ ಆಟೋದಲ್ಲಿ ನಡೆಯೋದೇ ಇಲ್ಲ ಸರ್" ಎಂದು ಮ್ಯಾನ್ಯುಯಲ್‌ಗೆ ಹಾಕಿ ಕೈತೊಳೆದುಕೊಳ್ಳುತ್ತಾರೆ.

ಕಾರಣ ಹೀಗಿದೆ. ಟ್ಯಾಂಕ್ ತಾನೇ ಒಂದು ಕೂಡಿಡುವ ಯಂತ್ರ. ಒಳಹರಿವು ಮತ್ತು ಹೊರಹರಿವಿನ ವ್ಯತ್ಯಾಸ ಅದರಲ್ಲಿ ಕೂಡುತ್ತಾ ಹೋಗುತ್ತದೆ. ಕಂಟ್ರೋಲರಿನ ಇಂಟಿಗ್ರಲ್ ಭಾಗವೂ ಕೂಡಿಡುವುದೇ. ಎರಡು ಕೂಡಿಡುವವರು ಎದುರು ಬದುರಾದರೆ ತೂಗಾಟ ಸಹಜ. ಅದನ್ನು ತಡೆಯುವ ಶಕ್ತಿ ಇರುವುದು ಪ್ರಪೋರ್ಷನಲ್ ಭಾಗಕ್ಕೆ ಮಾತ್ರ. ಗೇನ್ ಇಳಿಸಿದಿರಿ ಅಂದರೆ ತಡೆಯುವವನ ಕೈಯನ್ನೇ ಕಟ್ಟಿದಿರಿ.

ಆದ್ದರಿಂದ ನಿಧಾನವಾಗಿ ತೂಗಾಡುವ ಲೆವೆಲ್ ಲೂಪ್ ಕಂಡರೆ ಮೊದಲು ರೀಸೆಟ್ ಟೈಮ್ ಉದ್ದ ಮಾಡಿ, ಅದೂ ಹತ್ತಿಪ್ಪತ್ತು ಪಟ್ಟು. ಗೇನ್ ಇಳಿಸಲೇಬೇಕೆಂದರೆ ಅದೇ ಪ್ರಮಾಣದಲ್ಲಿ ರೀಸೆಟ್ ಟೈಮ್ ಏರಿಸಿ. ಗುಣಲಬ್ಧ ಯಾವತ್ತೂ 4Tಗಿಂತ ಕೆಳಗೆ ಹೋಗಬಾರದು.

ತೂಗಾಟಕ್ಕೆ ವಾಲ್ವ್ ಕೂಡ ಕಾರಣ ಇರಬಹುದು, ಅದನ್ನು ಬೇರ್ಪಡಿಸಿ ನೋಡಿ. ಲೆವೆಲ್ ಕಂಟ್ರೋಲರನ್ನು ಮ್ಯಾನ್ಯುಯಲ್‌ಗೆ ಹಾಕಿ ಫ್ಲೋ ಕಂಟ್ರೋಲರನ್ನು ಆಟೋದಲ್ಲೇ ಬಿಡಿ. ಫ್ಲೋ ಶಾಂತವಾದರೆ ತಪ್ಪು ಲೆವೆಲ್ ಟ್ಯೂನಿಂಗಿನದ್ದು. ಫ್ಲೋ ಆಗಲೂ ಏರಿಳಿಯುತ್ತಿದ್ದರೆ ವಾಲ್ವ್ ಅಂಟುತ್ತಿದೆ, ಇಲ್ಲವೇ ಫ್ಲೋ ಲೂಪಿನ ಟ್ಯೂನಿಂಗ್ ಸರಿಯಿಲ್ಲ. ಫ್ಲೋ ಲೂಪೇ ಇಲ್ಲದೆ ಲೆವೆಲ್ ಕಂಟ್ರೋಲರ್ ನೇರವಾಗಿ ಅಂಟುವ ವಾಲ್ವನ್ನು ಹಿಡಿದಿದ್ದರೆ ಟ್ರೆಂಡಿನ ಆಕಾರವೇ ಹೇಳುತ್ತದೆ. ಫ್ಲೋ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತದೆ, ಲೆವೆಲ್ ಗರಗಸದ ಹಲ್ಲಿನಂತೆ ಏರಿಳಿಯುತ್ತದೆ. ಅಂಥ ಕಡೆ ಯಾವ ಟ್ಯೂನಿಂಗೂ ನಾಟುವುದಿಲ್ಲ. ಮೊದಲು ವಾಲ್ವ್ ರಿಪೇರಿ, ಆಮೇಲೆ ಉಳಿದದ್ದು.

ನಾಲ್ಕನೇ ಹೆಜ್ಜೆ: ಅಂಕಿಯನ್ನು ಸಿಸ್ಟಮ್‌ಗೆ ತುಂಬುವಾಗ

288 ಎಂದು ಟೈಪ್ ಮಾಡುವ ಮೊದಲು ನಿಮ್ಮ ಡಿಸಿಎಸ್ ಯಾವ ಅಳತೆಯಲ್ಲಿ ಕೇಳುತ್ತದೆ ನೋಡಿ. ಸೆಕೆಂಡಿನಲ್ಲಿ ಕೇಳಿದರೆ 17280 ಹಾಕಬೇಕು. ರಿಪೀಟ್ಸ್ ಪರ್ ಮಿನಿಟ್ ಎಂದಿದ್ದರೆ 0.0035. ಗೇನ್ ಬದಲು ಪ್ರಪೋರ್ಷನಲ್ ಬ್ಯಾಂಡ್ ಕೇಳಿದರೆ 0.5ಕ್ಕೆ ಸಮನಾದದ್ದು 200. ಲೆವೆಲ್ ಏರಿದರೆ ಹೊರಹರಿವು ಏರಬೇಕು, ಹಾಗಾಗಿ ಕಂಟ್ರೋಲರ್ ಆಕ್ಷನ್ ಡೈರೆಕ್ಟ್ ಇರಬೇಕು.

ಇನ್ನೊಂದು ಸೂಕ್ಷ್ಮ ಇದೆ. ಇದು ಗೊತ್ತಿಲ್ಲದವರು ತಲೆ ಚಚ್ಚಿಕೊಳ್ಳುವುದುಂಟು. ಪಿಎಲ್‌ಸಿಯಲ್ಲಿ ಈ ಲೂಪ್ 100 ಮಿಲಿಸೆಕೆಂಡಿಗೊಮ್ಮೆ ಓಡುತ್ತಿದೆ ಎಂದುಕೊಳ್ಳಿ. ಲೆವೆಲ್ ಸೆಟ್‌ಪಾಯಿಂಟಿನಿಂದ ಶೇ. 1 ದೂರ ಇದೆ. ಆಗ ಒಂದು ಸಲಕ್ಕೆ ಇಂಟಿಗ್ರಲ್ ಕೂಡಿಸಬೇಕಾದದ್ದು 0.5 × 1 × 0.1 / 17280, ಅಂದರೆ ಸುಮಾರು 0.0000029. ಔಟ್‌ಪುಟ್ 66.7ರ ಹತ್ತಿರ ಇದ್ದಾಗ 32 ಬಿಟ್ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆ ಹಿಡಿಯಬಲ್ಲ ಅತಿ ಚಿಕ್ಕ ಹೆಜ್ಜೆ 0.0000076. ಕೂಡಿಸಿದ್ದು ಅದರ ಅರ್ಧಕ್ಕಿಂತಲೂ ಕಡಿಮೆ, ಹಾಗಾಗಿ ಪ್ರತಿ ಸಲವೂ ಮಾಯವಾಗುತ್ತದೆ. ಇಂಟಿಗ್ರಲ್ ಕೆಲಸವನ್ನೇ ಮಾಡುವುದಿಲ್ಲ, ಲೆವೆಲ್ 51ರಲ್ಲೇ ಕೂತುಬಿಡುತ್ತದೆ. ಲೂಪನ್ನು 1 ಅಥವಾ 2 ಸೆಕೆಂಡಿಗೊಮ್ಮೆ ಓಡಿಸಿದರೆ ಸಾಕು, ತೊಂದರೆ ಹೋಗುತ್ತದೆ. ಗಂಟೆಗಟ್ಟಲೆ ನಡೆಯುವ ಲೂಪಿಗೆ 100 ಮಿಲಿಸೆಕೆಂಡಿನ ಅವಸರ ಯಾಕೆ ಹೇಳಿ.

ಐದನೇ ಹೆಜ್ಜೆ: ಗಡಿಯಲ್ಲಿ ಕಾವಲು

ಇಷ್ಟು ಸಡಿಲ ಬಿಟ್ಟ ಮೇಲೆ ಎರಡನೇ ಪೆಟ್ಟಿನ ಬಗ್ಗೆ ಯೋಚಿಸಲೇಬೇಕು. ಮೊದಲ ರಿಯಾಕ್ಟರ್ ನಿಂತು ಒಂದು ಗಂಟೆಗೆ ಇನ್ನೊಂದೂ ನಿಂತಿತು ಎನ್ನಿ. ಮೂರು ಗಂಟೆಯ ಹೊತ್ತಿಗೆ ಮೊದಲನೆಯದರಿಂದ ಲೆವೆಲ್ 24 ಇಳಿದಿರುತ್ತದೆ, ಎರಡನೆಯದರಿಂದ ಮತ್ತೆ 24. ಸೆಟ್‌ಪಾಯಿಂಟ್ 50ರಲ್ಲಿ ಉಳಿದದ್ದು 2. ಅದಕ್ಕೆ ಮುಂಚೆಯೇ, 10ಕ್ಕೆ ಪಂಪ್ ಟ್ರಿಪ್ ಆಗಿರುತ್ತದೆ. ಹೊರಹರಿವನ್ನು ನಯವಾಗಿಡಲು ಹೋಗಿ ಕಾಲಮ್‌ನ ಫೀಡನ್ನೇ ಕಳೆದುಕೊಂಡಂತಾಯಿತು.

ಇದಕ್ಕೆ ಗೇನ್ ಏರಿಸುವುದು ಉತ್ತರವಲ್ಲ. ದಿನನಿತ್ಯದ ಪೆಟ್ಟಿಗೆ ಸಡಿಲ ಟ್ಯೂನಿಂಗ್ ಹಾಗೇ ಇರಲಿ, ಗಡಿಯ ಹತ್ತಿರ ಮಾತ್ರ ಗಟ್ಟಿಯಾಗಿ ಹಿಡಿಯುವ ಓವರ್‌ರೈಡ್ ಕಂಟ್ರೋಲರ್ ಸೇರಿಸಿ. ಕೆಳಗಿನ ಕಾವಲಿಗೆ ಬರೀ ಪ್ರಪೋರ್ಷನಲ್ ಸಾಕು, ಗೇನ್ 5. ಲೆವೆಲ್ 10 ಇದ್ದಾಗ ಅದರ ಔಟ್‌ಪುಟ್ 0, ಲೆವೆಲ್ 30 ಇದ್ದಾಗ 100. ಇದನ್ನೂ ಮುಖ್ಯ ಕಂಟ್ರೋಲರಿನ ಔಟ್‌ಪುಟ್ಟನ್ನೂ ಲೋ ಸೆಲೆಕ್ಟರಿಗೆ ಕೊಡಿ, ಯಾವುದು ಕಡಿಮೆಯೋ ಅದು ಫ್ಲೋ ಸೆಟ್‌ಪಾಯಿಂಟ್ ಆಗಲಿ.

ಲೆಕ್ಕ ಹಾಕಿ ನೋಡಿ. ಒಂದೇ ರಿಯಾಕ್ಟರ್ ನಿಂತಾಗ ಲೆವೆಲ್ 25.5ಕ್ಕೆ ಇಳಿಯುತ್ತದೆ. ಆಗ ಕಾವಲಿನ ಔಟ್‌ಪುಟ್ 77, ಮುಖ್ಯ ಕಂಟ್ರೋಲರಿನದ್ದು 50. ಕಾವಲು ಅಡ್ಡ ಬರುವುದಿಲ್ಲ. ಎರಡನೇ ರಿಯಾಕ್ಟರೂ ನಿಂತು ಲೆವೆಲ್ 20ರ ಕೆಳಗೆ ಜಾರಿದರೆ ಕಾವಲು ಕೈಗೆ ತೆಗೆದುಕೊಳ್ಳುತ್ತದೆ. ಒಳಹರಿವು 10 ಇರುವಾಗ ಲೆವೆಲ್ 16.7ರಲ್ಲಿ ನಿಲ್ಲುತ್ತದೆ, ಪಂಪ್ ಟ್ರಿಪ್‌ಗೆ ಇನ್ನೂ ದೂರ. ಆ ಹೊತ್ತಿಗೆ ಫೀಡ್ ಸ್ವಲ್ಪ ಬೇಗ ಬದಲಾಗುತ್ತದೆ ನಿಜ. ಟ್ರಿಪ್‌ಗಿಂತ ಅದು ಎಷ್ಟೋ ವಾಸಿ. ಮೇಲ್ಗಡೆಯೂ ಹೀಗೆಯೇ: 70ಕ್ಕೆ 0, 90ಕ್ಕೆ 100 ಕೊಡುವ ಇನ್ನೊಂದು ಕಾವಲು, ಹೈ ಸೆಲೆಕ್ಟರ್ ಮೂಲಕ.

ಮರೆಯಬಾರದ ಒಂದು ಸಂಗತಿ: ಕಾವಲು ಕೆಲಸ ಮಾಡುತ್ತಿರುವಾಗ ಮುಖ್ಯ ಕಂಟ್ರೋಲರಿನ ಇಂಟಿಗ್ರಲ್ ಸುಮ್ನೆ ಬೇರೆ ಕಡೆ ಓಡಬಾರದು. ಸೆಲೆಕ್ಟರಿನಿಂದ ಹೊರಬಂದ ಅಂಕಿಯನ್ನು ಅದಕ್ಕೆ ಎಕ್ಸ್‌ಟರ್ನಲ್ ರೀಸೆಟ್ ಫೀಡ್‌ಬ್ಯಾಕ್ ಆಗಿ ವಾಪಸ್ ಕೊಡಿ. ಈ ಒಂದು ವೈರಿಂಗ್ ತಪ್ಪಿದರೆ, ಲೆವೆಲ್ ಚೇತರಿಸಿಕೊಂಡ ಮೇಲೂ ಮುಖ್ಯ ಕಂಟ್ರೋಲರ್ ಎಲ್ಲೋ ದೂರದಿಂದ ಮರಳಿ ಬರಬೇಕು. 288 ನಿಮಿಷದ ರೀಸೆಟ್ ಇರುವಾಗ ಆ ಮರಳುವಿಕೆಗೆ ಒಂದು ಪಾಳಿ ಪೂರ್ತಿ ಹೋಗಬಹುದು.

ಇಂಟಿಗ್ರಲ್ ಬೇಕೇ ಬೇಕಾ?

ನನ್ನ ಅಭಿಪ್ರಾಯ ಕೇಳಿದರೆ, ಎಷ್ಟೋ ಸರ್ಜ್ ಟ್ಯಾಂಕಿಗೆ ಬೇಡ. ಗೇನ್ 1, ಸೆಟ್‌ಪಾಯಿಂಟ್ 50, ಬಯಾಸ್ 50 ಎಂದಿಟ್ಟು ಇಂಟಿಗ್ರಲ್ ತೆಗೆದುಹಾಕಿದರೆ ಲೆವೆಲ್ 0 ಆದಾಗ ಹೊರಹರಿವು 0, ಲೆವೆಲ್ 100 ಆದಾಗ ಹೊರಹರಿವು 30. ಒಳಹರಿವು 30 ಮೀರದವರೆಗೆ ಟ್ಯಾಂಕ್ ತುಂಬಿ ಹರಿಯುವ ಪ್ರಶ್ನೆಯೇ ಬರುವುದಿಲ್ಲ. ಲೆವೆಲ್ ನೋಡಿದರೆ ಲೋಡ್ ಎಷ್ಟೆಂದು ಗೊತ್ತಾಗುತ್ತದೆ: 20 ಓಡುತ್ತಿದ್ದರೆ ಲೆವೆಲ್ 66.7, 15 ಇದ್ದರೆ 50. ಇದರಲ್ಲಿ ಒಂದು ಜಾಣತನವೂ ಅಡಗಿದೆ. ಪೂರ್ತಿ ಲೋಡಿನಲ್ಲಿರುವಾಗ ಮುಂದಿನ ಬದಲಾವಣೆ ಕೆಳಮುಖವಾಗಿಯೇ ಇರುತ್ತದೆ, ಆಗ ಟ್ಯಾಂಕ್ ತುಂಬಿರುವುದೇ ಬೇಕು.

ಆದರೆ ಹೊರಹರಿವು ಇಲ್ಲಿ ನಮ್ಮ ಪಿಐ ಟ್ಯೂನಿಂಗಿಗಿಂತ ಎರಡು ಪಟ್ಟು ವೇಗವಾಗಿ ಶುರುವಾಗುತ್ತದೆ, ಯಾಕೆಂದರೆ ಗೇನ್ ಎರಡು ಪಟ್ಟು. ಜೊತೆಗೆ ಲೆವೆಲ್ ಸೆಟ್‌ಪಾಯಿಂಟಿಗೆ ಬರುವುದೇ ಇಲ್ಲ. ಎಷ್ಟೇ ಹೇಳಿದರೂ ಕೆಲವರಿಗೆ ಇದು ಸಹಿಸಲಾಗದು.

ಇಂಟಿಗ್ರಲ್ ಇರಬಾರದು ಎನ್ನಲು ಇನ್ನೊಂದು ಗಟ್ಟಿ ಕಾರಣ ಇದೆ. ಮೇಲಿನ ಪಿಐ ಟ್ಯೂನಿಂಗ್ ಬೇಗ ಬೇಗ ಏರಿಳಿಯುವ ಒಳಹರಿವನ್ನು ಚೆನ್ನಾಗಿ ನುಂಗುತ್ತದೆ. ಅರ್ಧ ಗಂಟೆಗೊಮ್ಮೆ ಬಂದುಹೋಗುವ ಅಲೆಯನ್ನು ಅದು ಹದಿನೈದರಲ್ಲಿ ಒಂದು ಭಾಗಕ್ಕೆ ಇಳಿಸುತ್ತದೆ. ಆದರೆ ಬಹಳ ನಿಧಾನದ ಅಲೆಯನ್ನು ಇಳಿಸುವ ಬದಲು ಬೆಳೆಸುತ್ತದೆ. ನಮ್ಮ ಅಂಕಿಗಳಿಗೆ ಆ ಅಲೆಯ ಅವಧಿ 21 ಗಂಟೆಯ ಆಸುಪಾಸು. ಹಗಲು ರಾತ್ರಿಯ ತಾಪಮಾನಕ್ಕೆ ತಕ್ಕಂತೆ ಏರಿಳಿಯುವ ಒಳಹರಿವು ಇದ್ದರೆ ಅದು ಶೇ. 15ರಷ್ಟು ದೊಡ್ಡದಾಗಿ ಹೊರಗೆ ಹೋಗುತ್ತದೆ. ಒಂದು ಟ್ಯಾಂಕಿಗೆ ಇದು ಲೆಕ್ಕಕ್ಕಿಲ್ಲ. ಹೀಗೆಯೇ ಟ್ಯೂನ್ ಮಾಡಿದ ಮೂರು ಟ್ಯಾಂಕ್ ಸಾಲಾಗಿದ್ದರೆ 1.15ನ್ನು ಮೂರು ಸಲ ಗುಣಿಸಿ, ಒಂದೂವರೆ ಪಟ್ಟು. ಬರೀ ಪ್ರಪೋರ್ಷನಲ್ ಕಂಟ್ರೋಲರ್ ಯಾವ ಅಲೆಯನ್ನೂ ಬೆಳೆಸುವುದಿಲ್ಲ. ಸಾಲು ಟ್ಯಾಂಕುಗಳಿರುವ ಕಡೆ ನಾನಂತೂ ಅದನ್ನೇ ಹಾಕುತ್ತೇನೆ.

ಕಂಟ್ರೋಲ್ ರೂಮಿನವರ ಜೊತೆ

ಹೊಸ ಟ್ಯೂನಿಂಗ್ ಹಾಕಿದ ದಿನ ಅಲಾರ್ಮ್‌ಗಳನ್ನೂ ಬದಲಿಸಿ. ಹಳೆಯ ಅಲಾರ್ಮ್ 45 ಮತ್ತು 55ರಲ್ಲೇ ಉಳಿದರೆ ಮೊದಲ ರಾತ್ರಿ ಪಾಳಿಯಲ್ಲೇ ಯಾರೋ ಬೇಸತ್ತು ಲೂಪನ್ನು ಮ್ಯಾನ್ಯುಯಲ್‌ಗೆ ಹಾಕುತ್ತಾರೆ, ಅವರ ತಪ್ಪೇನೂ ಇಲ್ಲ. 20 ಮತ್ತು 80 ಸಾಕು. ಟ್ರೆಂಡ್ ಪರದೆಯಲ್ಲಿ ಲೆವೆಲ್ ಒಂದನ್ನೇ ಬಿಡಬೇಡಿ. ಒಳಹರಿವು, ಹೊರಹರಿವು, ಕಾಲಮ್‌ನ ಟ್ರೇ ಟೆಂಪರೇಚರ್ ಮೂರನ್ನೂ ಅದರ ಪಕ್ಕದಲ್ಲಿ ಹಾಕಿ, 12 ಗಂಟೆಯ ಅವಧಿ ಕಾಣುವಂತೆ ಇಡಿ. "ಲೆವೆಲ್ ಇಳೀತಾನೇ ಇದೆ ಸರ್" ಎಂದು ಫೋನ್ ಬರುತ್ತದೆ. "ಹೊರಹರಿವೂ ಇಳೀತಿದೆಯಾ ನೋಡಿ, ಇಳೀತಿದ್ದರೆ ಮುಟ್ಟಬೇಡಿ" ಎನ್ನಿ. 20ರ ಕೆಳಗೆ ಹೋದರೆ ಕಾವಲು ಹಿಡಿಯುತ್ತದೆ ಎಂಬುದನ್ನು ಮೊದಲೇ ತೋರಿಸಿಕೊಟ್ಟಿದ್ದರೆ ಆ ಫೋನೂ ಬರುವುದಿಲ್ಲ.

ಎಲ್ಲಿ ಹಾಕಬಾರದು

ಲೆವೆಲ್‌ಗೇ ಬೆಲೆ ಇರುವ ಕಡೆ ಈ ಆಟ ಬೇಡ. ಬಾಯ್ಲರ್ ಡ್ರಮ್, ಟ್ಯೂಬ್‌ಗಳು ಮುಳುಗಿರಬೇಕಾದ ರೀಬಾಯ್ಲರ್, ದ್ರವ ಎಷ್ಟು ಹೊತ್ತು ಇರುತ್ತದೆ ಎಂಬುದರ ಮೇಲೆ ಕ್ರಿಯೆ ನಿಂತಿರುವ ರಿಯಾಕ್ಟರ್, ಎರಡು ದ್ರವಗಳನ್ನು ಬೇರ್ಪಡಿಸುವ ಡಿಕ್ಯಾಂಟರಿನ ಗಡಿರೇಖೆ, ಇವೆಲ್ಲ ಬಿಗಿಯಾಗಿಯೇ ಇರಲಿ. ಮಂಡ್ಯ, ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಿತಿ ಗೊತ್ತೇ ಇರುತ್ತದೆ. ಇವ್ಯಾಪರೇಟರ್‌ಗೆ ಹೋಗುವ ಕ್ಲಿಯರ್ ಜ್ಯೂಸ್ ಹದವಾಗಿ ಹೋಗಬೇಕು ನಿಜ. ಆದರೆ ಬಿಸಿ ಜ್ಯೂಸ್ ಟ್ಯಾಂಕಿನಲ್ಲಿ ಹೆಚ್ಚು ಹೊತ್ತು ಉಳಿದರೆ ಸುಕ್ರೋಸ್ ಒಡೆದು ಸಕ್ಕರೆ ನಷ್ಟವಾಗುತ್ತದೆ. ಅಲ್ಲಿ ಟ್ಯಾಂಕನ್ನು ಚಿಕ್ಕದಾಗಿಯೇ ಕಟ್ಟುತ್ತಾರೆ, ಸಿಕ್ಕಷ್ಟು ಜಾಗವನ್ನು ಪೂರ್ತಿ ಬಳಸಿಕೊಳ್ಳಬೇಕು. ಸೂತ್ರ ಅದೇ, T ಮಾತ್ರ ಸಣ್ಣದು.

ಕೊನೆಗೆ ಒಂದು ನೆನಪು. ಮುಂದೆ ಯಾರಾದರೂ ಫ್ಲೋ ಮೀಟರಿನ ರೇಂಜನ್ನು 30ರಿಂದ 40ಕ್ಕೆ ಬದಲಿಸಿದರೆ ಲೆಕ್ಕ ಮತ್ತೆ ಮಾಡಿ. T 27 ನಿಮಿಷಕ್ಕೆ ಇಳಿಯುತ್ತದೆ, ಪೆಟ್ಟು ಶೇ. 12.5 ಆಗುತ್ತದೆ, ಗೇನ್ 0.37 ಬರುತ್ತದೆ. ರೀಸೆಟ್ ಟೈಮ್ ಹೆಚ್ಚುಕಡಿಮೆ 290 ನಿಮಿಷದಲ್ಲೇ ಉಳಿಯುತ್ತದೆ. ಹಳೆಯ 0.5 ಹಾಗೇ ಬಿಟ್ಟರೆ ಲೂಪ್ ತೂಗಾಡುವುದಿಲ್ಲ, ಆದರೆ ಕಾಲಮ್‌ನ ಫೀಡ್ ಮೊದಲಿಗಿಂತ ಮೂರನೇ ಒಂದು ಭಾಗ ಹೆಚ್ಚು ವೇಗವಾಗಿ ಬದಲಾಗುತ್ತದೆ, ಟ್ಯಾಂಕಿನ ಜಾಗವೂ ಅಷ್ಟು ಬಳಕೆಯಾಗುವುದಿಲ್ಲ.